ನಿಮ್ಮ 2,720 ರೂಪಾಯಿ ವಾಪಸ್ ಕಳಿಸಿದ್ದೇವೆ – ಆರ್ಡರ್ ನಂಬರ್ 4187

ನಮಸ್ಕಾರ ಸವಿತಾ ಅಕ್ಕಾರೆ,

ವಿಜಯಪುರದಿಂದ ನೀವು ಕಳಿಸಿದ ಇಳಕಲ್ ಸೀರೆ ನಿನ್ನೆ ಸಂಜೆ ನಮ್ಮ ಕೈ ಸೇರಿತು. ಮಡಿಕೆ ಹಾಗೇ ಇದೆ, ಸೆರಗಿನ ಚೀಟಿಯೂ ಕಿತ್ತಿಲ್ಲ. ಫೋಟೋದಲ್ಲಿ ಕಂಡ ದಾಳಿಂಬೆ ಕೆಂಪು ಮನೆ ಬೆಳಕಿನಲ್ಲಿ ಬೇರೆ ಕಾಣುತ್ತದೆ ಎಂದಿದ್ದಿರಿ, ಅದಕ್ಕೆ ನಮ್ಮ ತಕರಾರಿಲ್ಲ. ಸೀರೆಯ 2,640 ಮತ್ತು ಕಳಿಸುವ ಖರ್ಚು 80, ಒಟ್ಟು 2,720 ರೂಪಾಯಿಯನ್ನು ಇವತ್ತು, 2025ರ ನವೆಂಬರ್ 6ರ ಗುರುವಾರ, ನೀವು ಹಣ ಕಟ್ಟಿದ್ದ ಡೆಬಿಟ್ ಕಾರ್ಡಿಗೇ ವಾಪಸ್ ಮಾಡಿದ್ದೇವೆ.

ಫೋನಿನಲ್ಲಿ ‘ಯುಪಿಐಗೇ ಹಾಕಿಬಿಡಿ’ ಎಂದು ಕೇಳಿದ್ದಿರಿ. ಕಾರ್ಡಿನಿಂದ ಬಂದ ದುಡ್ಡು ಕಾರ್ಡಿಗೇ ಹೋದರೆ ಎರಡೂ ಕಡೆ ಲೆಕ್ಕ ತಾಳೆಯಾಗುತ್ತದೆ. ಬೇರೆ ಕಡೆ ಹಾಕಿದರೆ ನಾಳೆ ಹುಡುಕುವುದೇ ಒಂದು ಕೆಲಸ. ಆದರೆ ಸೀರೆ ವಾಪಸ್ ಕಳಿಸಲು ಕೊರಿಯರ್‌ನವರಿಗೆ ನೀವು ಕೈಯಿಂದ ಕೊಟ್ಟ 110 ರೂಪಾಯಿ ಈ ಲೆಕ್ಕದಲ್ಲಿ ಇಲ್ಲ. ಅದನ್ನು ಮಾತ್ರ ಈಗಲೇ ನಿಮ್ಮ ಯುಪಿಐಗೆ ಹಾಕಿದ್ದೇವೆ. ಅಂದರೆ ಎರಡು ಸಲ ಹಣ ಬರುತ್ತದೆ, ಗಲಿಬಿಲಿ ಬೇಡ.

ಕಾರ್ಡಿನ ಹಣಕ್ಕೆ ಸಾಮಾನ್ಯವಾಗಿ 5ರಿಂದ 7 ಕೆಲಸದ ದಿನ ಬೇಕು. ಯಾಕಿಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕಟ್ಟುವಾಗ ಕ್ಷಣದಲ್ಲಿ ಹೋಯಿತಲ್ವಾ! ನಾವು ಗುಂಡಿ ಒತ್ತಿದ ಮೇಲೆ ಹಣ ಪೇಮೆಂಟ್ ಗೇಟ್‌ವೇ, ನಂತರ ಅವರ ಬ್ಯಾಂಕು, ಕಾರ್ಡ್ ಕಂಪನಿ, ಕೊನೆಗೆ ನಿಮ್ಮ ಬ್ಯಾಂಕು ಹೀಗೆ ಸಾಗುತ್ತದೆ. ಪ್ರತಿಯೊಬ್ಬರೂ ದಿನದ ಲೆಕ್ಕವನ್ನು ಒಟ್ಟಿಗೆ ಹೊಂದಿಸಿಯೇ ಮುಂದೆ ಬಿಡುತ್ತಾರೆ. ಕಡೆಯ ಹಂತದಲ್ಲಿ, ನಿಮ್ಮ ಖಾತೆಗೆ ಜಮಾ ಮಾಡುವುದು ನಿಮ್ಮ ಬ್ಯಾಂಕಿನ ಕೈಯಲ್ಲಿದೆ. ಅಲ್ಲಿ ನಾವು ಅವಸರ ಮಾಡಿಸಲು ಆಗುವುದಿಲ್ಲ.

ಈ ವಾರ ಇನ್ನೊಂದು ತೊಡಕು. 8ನೇ ತಾರೀಕು ಕನಕ ಜಯಂತಿ, ಎರಡನೇ ಶನಿವಾರವೂ ಹೌದು. ಮರುದಿನ ಭಾನುವಾರ. ಈ ಎರಡು ದಿನ ಲೆಕ್ಕಕ್ಕಿಲ್ಲ. ಹಾಗಾಗಿ 13ರಿಂದ 15ರೊಳಗೆ ಹಣ ಬರಬೇಕು. ಮೆಸೇಜ್ ಬರದಿದ್ದರೂ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ, ಎಷ್ಟೋ ಸಲ ಹಣ ಸುಮ್ನೆ ಬಂದು ಕೂತಿರುತ್ತದೆ.

15 ದಾಟಿದರೂ ಬರದಿದ್ದರೆ ನಮಗೆ ಹೇಳಿ. ಅಷ್ಟರೊಳಗೆ ಎಆರ್‌ಎನ್ ಎಂಬ 23 ಅಂಕಿಯ ನಂಬರ್ ನಮಗೆ ಸಿಗುತ್ತದೆ, ಸಿಕ್ಕ ಕೂಡಲೇ ನಿಮಗೆ ವಾಟ್ಸಾಪ್ ಮಾಡುತ್ತೇವೆ. ಬ್ಯಾಂಕಿನಲ್ಲಿ ಅದನ್ನು ತೋರಿಸಿದರೆ ಹಣ ಎಲ್ಲಿದೆ ಎಂದು ಅವರೇ ಹುಡುಕುತ್ತಾರೆ. ‘ರಿಫಂಡ್ ಬರಲಿಲ್ಲ’ ಎಂದಷ್ಟೇ ಹೇಳಿದರೆ ಕೌಂಟರಿನವರೂ ಏನು ಮಾಡಿಯಾರು?

ಒಂದು ಮಾತು. ರಿಫಂಡ್ ಹೆಸರಿನಲ್ಲಿ ಯಾರಾದರೂ ಓಟಿಪಿ, ಪಿನ್ ಕೇಳಿದರೆ, ಲಿಂಕ್ ಕಳಿಸಿದರೆ, ಅದು ನಾವಲ್ಲ. ಹಣ ಪಡೆಯಲು ಪಿನ್ ಹಾಕಬೇಕಿಲ್ಲ. ಕೈತಪ್ಪಿ ಕೊಟ್ಟುಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಏನಾದರೂ ಕೇಳುವುದಿದ್ದರೆ ಇದೇ ನಂಬರಿಗೆ ಬರೆಯಿರಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅಂಗಡಿಯಲ್ಲೇ ಇರುತ್ತೇವೆ.

ಲೆಕ್ಕಪತ್ರ ವಿಭಾಗ
ಸೀರೆ ಅಂಗಡಿ, ಬಾಗಲಕೋಟೆ