ನಾಲ್ಕು ಕಪಾಟು, ಮುನ್ನೂರು ಪುಸ್ತಕ: ಕರೇಕೊಪ್ಪ ಗ್ರಂಥಾಲಯದ ದೇಣಿಗೆ ವಿಡಿಯೊ, ಚಿತ್ರೀಕರಣದ ಪ್ರತಿ

ಅವಧಿ 2 ನಿಮಿಷ 15 ಸೆಕೆಂಡು. ವಿಡಿಯೊ ಓಡಾಡುವುದು ಬೆಂಗಳೂರು, ಹುಬ್ಬಳ್ಳಿ ಸೇರಿದ ನಮ್ಮೂರವರ ವಾಟ್ಸಾಪ್ ಗುಂಪುಗಳಲ್ಲಿ. ಹಾಗಾಗಿ ಮೊಬೈಲನ್ನು ನೆಟ್ಟಗೆ ಹಿಡಿದೇ ತೆಗೆಯುವುದು. ಬೆಳಿಗ್ಗೆ 8ರಿಂದ 10ರೊಳಗೆ ಕಿಟಕಿಯ ಬೆಳಕು ಹದವಾಗಿರುತ್ತದೆ. ಮಾತಿನ ಹೊತ್ತಿಗೆ ಫ್ಯಾನ್ ಬಂದ್. ತಗಡಿನ ಮಾಡಿನ ಕೆಳಗೆ ದನಿ ಗುಂಯ್‌ಗುಟ್ಟುತ್ತದೆ, ಕಾಲರ್ ಮೈಕ್ ಕಡ್ಡಾಯ.

ದೃಶ್ಯ 1 (0:00–0:20)
ಸಂಗೀತ ಇಲ್ಲ, "ನಮಸ್ಕಾರ" ಇಲ್ಲ, ಕಟ್ಟಡದ ಮುಂಭಾಗವೂ ಬೇಡ. ಮೊದಲ ಚೌಕಟ್ಟಿನಲ್ಲೇ ನೀರು ಕುಡಿದು ಉಬ್ಬಿದ ಪುಸ್ತಕ. ಎರಡು ಕೈ ಅಂಟಿಕೊಂಡ ಹಾಳೆ ಬಿಡಿಸುತ್ತವೆ. ಹಾಳೆ ಹರಿಯುವ ಸದ್ದು ಕೇಳಬೇಕು.

ಗ್ರಂಥಾಲಯ ನೋಡಿಕೊಳ್ಳುವವರು (ದನಿ ಮಾತ್ರ): "ಇದು ಹೋದ ಮಳಿಗಾಲದಾಗ ತೊಯ್ದದ್ದು. ನೋಡ್ರಿ, ಹಾಳಿ ಬಿಡಿಸಾಕ ಹೋದ್ರ ಅಕ್ಷರನೂ ಕಿತ್ತು ಬರ್ತಾವ. ಇಂಥಾವು ನಲವತ್ತಾರು ಅದಾವ. ಉಳಿದಾವು ಈಗ ಗೋಣಿಚೀಲದಾಗ ಅದಾವ, ಕಪಾಟಿಗೆ ಗೆದ್ದಲು ಹತ್ತೇತಿ."

ಕೊನೆಯ ಮಾತಿಗೆ ಕಪಾಟಿನ ಹಲಗೆಯನ್ನು ಬೆರಳಲ್ಲಿ ಒತ್ತುವುದು. ಪುಡಿ ಉದುರುತ್ತದೆ. ಒಂದೇ ಸಲ ಸಿಗುವ ಚಿತ್ರ, ಮೊದಲೇ ಒತ್ತಿ ನೋಡಬೇಡಿ.

ದೃಶ್ಯ 2 (0:20–0:50)
ಶನಿವಾರ, ಶಾಲೆ ಬಿಟ್ಟ ಮೇಲೆ. ಎರವಲು ರಿಜಿಸ್ಟರಿನ ಪುಟ. ಬಾಲಕಿಯ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತದೆ, ಹನ್ನೊಂದು ಕಡೆ ಒಂದೇ ಪುಸ್ತಕದ ಹೆಸರು. ಪಡೆದವರ ಹೆಸರಿನ ಕಾಲಂ ಮೇಲೆ ಕಾಗದದ ಪಟ್ಟಿ ಇಟ್ಟಿರಿ.

ಬಾಲಕಿ: "ಇದು ನನ್ನ ಪಾಳಿಗೆ ಬರಾಕ ಎರಡು ತಿಂಗಳಾತ್ರಿ. ಅಷ್ಟರಾಗ ನಮ್ಮ ಗೆಳತ್ಯಾರು ಕತಿ ಎಲ್ಲಾ ಹೇಳಿಬಿಟ್ಟಿದ್ರು."

ಈ ಮಾತು ಬಾಯಿಪಾಠ ಮಾಡಿಸಬೇಡಿ, ಮಗು ಮಾಡಿನ ಕಡೆ ನೋಡಿಕೊಂಡು ಒಪ್ಪಿಸುತ್ತದೆ. "ಎಷ್ಟು ದಿನ ಕಾದೆವ್ವಾ?" ಎಂದು ಕೇಳಿ, ಬಂದ ಉತ್ತರವನ್ನೇ ಇಟ್ಟುಕೊಳ್ಳಿ. ತಂದೆ ಅಥವಾ ತಾಯಿಯ ಸಹಿಯಿರುವ ಒಪ್ಪಿಗೆ ಮೊದಲೇ ಬೇಕು. ನಗುತ್ತ ಹೇಳಿದರೆ ಹಾಗೇ ಇರಲಿ. ಅಳಿಸಿ ಕೇಳುವ ದುಡ್ಡು ನಮಗೆ ಬೇಡ.

ದೃಶ್ಯ 3 (0:50–1:15)
ಕ್ಯಾಮೆರಾ ಮೇಲಕ್ಕೆ: ಹೊಸ ತಗಡು, ಪಕ್ಕದಲ್ಲಿ ಗೋಡೆಯ ಹಳೆಯ ನೀರಿನ ಕಲೆ. ನಂತರ ಮೇಜಿನ ಮೇಲೆ ಬಿಲ್.

ಸಮಿತಿಯ ಹಿರಿಯರು: "ಮಾಡಿನ ರಿಪೇರಿ ಊರವರೇ ಪಟ್ಟಿ ಹಾಕಿ ಮಾಡಿಸೇವಿ. ಇಪ್ಪತ್ತೆರಡು ಸಾವಿರದ ನಾನೂರು ರೂಪಾಯಿ. ಬಿಲ್ಲು ಇಲ್ಲೈತಿ. ನಾವು ಕೈ ಹಾಕಿದ ಮ್ಯಾಲ ನಿಮ್ಮನ್ನ ಕೇಳಾಕತ್ತೇವಿ."

ಬಿಲ್ 5 ಸೆಕೆಂಡು ಅಲುಗದೆ ನಿಲ್ಲಲಿ, ಮೊತ್ತ ಓದುವಂತಿರಬೇಕು. ಅಂಗಡಿಯ ಫೋನ್ ನಂಬರ್ ಮುಚ್ಚಿ.

ದೃಶ್ಯ 4 (1:15–1:50)
ಖಾಲಿ ಗೋಡೆ. ನೆಲದ ಮೇಲೆ ಸುಣ್ಣದಲ್ಲಿ ಗುರುತಿಸಿದ ನಾಲ್ಕು ಚೌಕ, ಕಪಾಟು ನಿಲ್ಲುವ ಜಾಗ. ಹಿರಿಯರು ಮೊದಲ ಚೌಕದ ಪಕ್ಕ ನಿಂತು:

"ನಾಲ್ಕು ಉಕ್ಕಿನ ಕಪಾಟು, 34,000. ಮಕ್ಕಳ ಪುಸ್ತಕ 300, ಅದಕ್ಕ 24,000. ಓದಾಕ ಒಂದು ಮೇಜು, 6,000. ಒಟ್ಟು 64,000. ಎಂಬತ್ತು ಮಂದಿ ತಲಾ 800 ಕೊಟ್ರ ಮುಗೀತು. ಮೇ 31ರೊಳಗ ಬೇಕ್ರಿ, ಮಳಿ ಹಿಡಿಯೂದರಾಗ ಪುಸ್ತಕ ಕಪಾಟು ಸೇರಬೇಕು. ಹೆಚ್ಚಿಗಿ ಬಂದ್ರ ಅದೂ ಪುಸ್ತಕಕ್ಕ."

"ನಿಮ್ಮ ಕೈಲಾದಷ್ಟು" ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ, ತಡೆಯಿರಿ. ಅದನ್ನು ಕೇಳಿದವರು ಆಮೇಲೆ ನೋಡೋಣ ಎಂದು ಮುಂದೆ ಹೋಗುತ್ತಾರೆ. ಪರದೆಯ ಮೇಲೆ ಬರಹ: ₹800 × 80 ಜನ, ಮೇ 31. ಕೆಳಗೆ ಸಣ್ಣದಾಗಿ: ಹಳೆಯ ಗೈಡು, ಪಠ್ಯಪುಸ್ತಕ ಕಳಿಸಬೇಡಿ.

ದೃಶ್ಯ 5 (1:50–2:15)
ಹೊಸ ಪುಸ್ತಕಕ್ಕೆ ಮೊಹರು ಬೀಳುತ್ತದೆ, ಪಕ್ಕದಲ್ಲಿ ಪೆನ್ನು ನೋಂದಣಿ ಸಂಖ್ಯೆ ಬರೆಯುತ್ತದೆ.

ಗ್ರಂಥಾಲಯ ನೋಡಿಕೊಳ್ಳುವವರು: "ಬಂದ ಪ್ರತಿ ಪುಸ್ತಕಕ್ಕೂ ಹಿಂಗ ನಂಬರ್ ಬೀಳತೈತಿ. ರೊಕ್ಕ ಗ್ರಂಥಾಲಯದ ಹೆಸರಿನ ಖಾತೆಗೇ ಹೋಗತೈತಿ, ತೆಗೀಬೇಕಂದ್ರ ಇಬ್ಬರ ಸಹಿ ಬೇಕು. ನಿಮಗ ರಸೀದಿ ಬರತೈತಿ. ಜೂನ್ 10ಕ್ಕ ಲೆಕ್ಕ, ಬಿಲ್ಲು, ಕಪಾಟಿನ ಫೋಟೊ ಇದೇ ಗುಂಪಿಗೆ ಹಾಕತೇವಿ. ತೆರಿಗಿ ವಿನಾಯಿತಿ ಇಲ್ರಿ, ಮೊದಲೇ ಹೇಳತೇವಿ."

ಕೊನೆಯ 10 ಸೆಕೆಂಡು ಬಿಳಿ ಹಿನ್ನೆಲೆಯಲ್ಲಿ ಕ್ಯೂಆರ್ ಕೋಡ್, ಪರದೆಯ ಅಗಲದ ಅರ್ಧದಷ್ಟು, ಕೆಳಗೆ ಯುಪಿಐ ಐಡಿ ಮತ್ತು ಖಾತೆಯ ಹೆಸರು. ತನ್ನದೇ ಮೊಬೈಲಿನಲ್ಲಿ ನೋಡುವವರು ಅದನ್ನು ಸ್ಕ್ಯಾನ್ ಮಾಡಲಾರರು. ಹಾಗಾಗಿ ಐಡಿಯನ್ನು ವಿಡಿಯೊ ಜತೆಯ ಸಂದೇಶದಲ್ಲೂ ಬರೆದು, ಕ್ಯೂಆರ್‌ನ ಚಿತ್ರವನ್ನು ಬೇರೆಯಾಗಿ ಕಳಿಸಿ. ಹಂಚುವ ಮೊದಲು ವಾಟ್ಸಾಪಿನಲ್ಲಿ ಒಬ್ಬರಿಗೆ ಕಳಿಸಿ, ಅವರ ಮೊಬೈಲಿಗೆ ಇಳಿದ ಪ್ರತಿಯಿಂದಲೇ ಒಂದು ರೂಪಾಯಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ.