ತಿಳಿದು ಹಾಕಿ, ತಿಂಗಳಿಗಿಷ್ಟು ಹಾಕಿ: ಕೊಡಗಿನ ಮ್ಯೂಚುವಲ್ ಫಂಡ್ ಜಾಗೃತಿ ಜಾಥಾದ ಘೋಷಣೆಗಳು

ಜಾಥಾ ಸ್ವಯಂಸೇವಕರೆಲ್ಲರಿಗೂ,

ಮಡಿಕೇರಿಯ ಶುಕ್ರವಾರದ ಸಂತೆಯಿಂದ ಶುರು ಮಾಡುತ್ತಿದ್ದೇವೆ. ಬ್ಯಾನರ್, ಬೋರ್ಡ್, ಆಟೋ ಮೈಕ್, ಕೂಗುವ ಘೋಷಣೆ, ಟೀ ಶರ್ಟ್ ಎಲ್ಲದರ ಮಾತೂ ಇಲ್ಲಿದೆ. ಇದೇ ಕೊನೆಯ ಪ್ರತಿ. ದಯವಿಟ್ಟು ಇದರಲ್ಲಿ ಒಂದು ಪದವನ್ನೂ ನೀವೇ ಸೇರಿಸಬೇಡಿ, ಮುಖ್ಯವಾಗಿ "ಖಂಡಿತ", "ಡಬಲ್", "ಗ್ಯಾರಂಟಿ ಲಾಭ" ಅನ್ನೋ ಮೂರನ್ನು. ಯಾವ ಕಂಪನಿಯ, ಯಾವ ಸ್ಕೀಮಿನ ಹೆಸರೂ ಬೇಡ. ನಾವು ಮಾರಲಿಕ್ಕೆ ಹೋಗುತ್ತಿಲ್ಲ.

ದೊಡ್ಡ ಬ್ಯಾನರ್, ಸಂತೆ ಬಾಗಿಲಿಗೆ:

"ತಿಂಗಳಿಗೆ ಇಷ್ಟು ಅಂತ ಎತ್ತಿಡಿ.
ಇಷ್ಟೇ ಬರುತ್ತದೆ ಅಂದವರ ಮಾತು ಪಕ್ಕಕ್ಕಿಡಿ."

ಇದರ ಕೆಳಗೆ ಚಿತ್ರ ಬೇಡ. ಫ್ಲೆಕ್ಸ್ ಅಂಗಡಿಯ ಹುಡುಗ ಮೊದಲ ಸಲ ಕಳಿಸಿದ ಡಿಸೈನಿನಲ್ಲಿ ಚಿನ್ನದ ನಾಣ್ಯದ ರಾಶಿ, ಅದರ ಮೇಲೆ ಆಕಾಶಕ್ಕೆ ಹೋಗುವ ಹಸಿರು ಬಾಣ ಇತ್ತು. ಚೆನ್ನಾಗೇ ಇತ್ತು ಪಾಪ. ಆದರೆ ಮೇಲಕ್ಕೆ ಹೋಗುವ ಬಾಣವೂ ಒಂದು ಭರವಸೆಯೇ ಅಲ್ವಾ? ಓದಲು ಬಾರದವರು ನಾವು ಬರೆದದ್ದನ್ನು ಓದುವುದಿಲ್ಲ, ಬಾಣವನ್ನು ಓದುತ್ತಾರೆ. ತೆಗೆಸಿದೆ. ಅದರ ಜಾಗಕ್ಕೆ ಒಂದು ಮಳೆಮಾಪಕದ ಚಿತ್ರ ಕೊಟ್ಟಿದ್ದೇನೆ, ಅದು ಎರಡನೇ ಬ್ಯಾನರಿಗೆ.

"ಸೆಂಟು ಸೆಂಟು ಸೇರಿ ಇಂಚು ಮಳೆ.
ನೂರು ನೂರು ಸೇರಿ ಕೈಗೊಂದು ಗಂಟು.
ಮಳೆಗೂ ಮಾತು ಕೊಟ್ಟವರಿಲ್ಲ, ಮಾರ್ಕೆಟ್ಟಿಗೂ ಇಲ್ಲ."

ಹೊರಗಿನವರಿಗೆ ಇದು ಅರ್ಥ ಆಗದೇ ಇರಬಹುದು. ಮಳೆ ಅಳೆಯುವಾಗ ಇಂಚಿನ ನೂರರಲ್ಲೊಂದು ಪಾಲಿಗೆ ನಾವು ಸೆಂಟು ಅನ್ನುತ್ತೇವೆ. ನಮ್ಮಲ್ಲಿ ಬೆಳಿಗ್ಗೆ ಎದ್ದು ಮಾಪಕ ನೋಡಿ, "ನಿಮ್ಮಲ್ಲಿ ಎಷ್ಟು ಬಿತ್ತು? ನಮ್ಮಲ್ಲಿ ನಲ್ವತ್ತು ಸೆಂಟು" ಅಂತ ಫೋನ್ ಮಾಡದ ತೋಟದ ಮನೆ ಯಾವುದಿದೆ? ಮೊದಲು "ದೊಡ್ಡ ಗಂಟು" ಅಂತ ಬರೆದಿದ್ದೆ. "ದೊಡ್ಡ" ಹೊಡೆದು ಹಾಕಿದೆ.

ಬಸ್ ಸ್ಟ್ಯಾಂಡಿನ ಬೋರ್ಡುಗಳು ನಾಲ್ಕು. ಬಸ್ಸಿಗೆ ಕಾಯುವವರಿಗೆ ಓದಲು ಟೈಮ್ ಇರುತ್ತದೆ, ಹಾಗಾಗಿ ಸ್ವಲ್ಪ ಉದ್ದ.

"ಕಾಫಿ ನಡುವೆ ಮೆಣಸಿನ ಬಳ್ಳಿ, ಮಧ್ಯೆ ನಾಲ್ಕು ಕಿತ್ತಳೆ ಗಿಡ.
ತೋಟದಲ್ಲಿ ಒಂದೇ ಬೆಳೆ ನಂಬದವರು ದುಡ್ಡನ್ನೂ ಒಂದೇ ಕಡೆ ನೆಡಬೇಡಿ."

"ಕಾಫಿ ಬೆಲೆ ನೆಲ ಕಚ್ಚಿದ್ದನ್ನೂ ನೋಡಿದ್ದೇವೆ, 2024-25ರಲ್ಲಿ ಏರಿದ್ದನ್ನೂ ನೋಡಿದ್ದೇವೆ.
ಎರಡನ್ನೂ ಮೊದಲೇ ಹೇಳಿದವರು ಯಾರಿದ್ದಾರೆ?
ಷೇರು ಮಾರ್ಕೆಟ್ ಬಗ್ಗೆ ಮಾತ್ರ ಯಾಕೆ ಯಾರೋ ಹೇಳಿದ್ದನ್ನು ನಂಬಬೇಕು?"

"ಹೂಮಳೆ ಯಾವತ್ತು ಅಂತ ಗೊತ್ತಿಲ್ಲ. ಹಾಗಂತ ತೋಟದ ಕೆಲಸ ನಿಲ್ಲಿಸಿದ್ದೀರಾ?
ತಿಂಗಳ ಕಂತೂ ಹಾಗೇ. ದಿನ ನೋಡಿ ಅಲ್ಲ, ಅಭ್ಯಾಸ ಮಾಡಿ."

"ಮಾಂದಲಪಟ್ಟಿ ಹತ್ತುವ ಮುಂಚೆ ಜೀಪಿನ ಬ್ರೇಕ್ ನೋಡ್ತೀರಿ.
ಫಂಡಿಗೆ ಸಹಿ ಹಾಕುವ ಮುಂಚೆ ಅದರ ಅಪಾಯ ತೋರಿಸುವ ರಿಸ್ಕೋಮೀಟರ್ ನೋಡಿ.
'ಕಡಿಮೆ'ಯಿಂದ 'ಅತಿ ಹೆಚ್ಚು'ವರೆಗೆ ಆರು ಹಂತ. ಮುಳ್ಳು ಎಲ್ಲಿದೆ?"

ಕೊನೆಯದನ್ನು ಜೀಪ್ ಸ್ಟ್ಯಾಂಡಿನಲ್ಲೂ ಹಾಕಿ. ಡ್ರೈವರುಗಳು ನಗುತ್ತಾರೆ, ಆಮೇಲೆ ಕೇಳುತ್ತಾರೆ.

ತೋಟದ ಕಾರ್ಮಿಕರ ಲೈನ್ ಮನೆಗಳ ಹತ್ತಿರ ಹಾಕುವ ಬೋರ್ಡಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡೆ. ವಾರದ ಬಟವಾಡೆಯಲ್ಲಿ ಬದುಕುವವರಿಗೆ "ಹೂಡಿಕೆ ಮಾಡಿ" ಅಂತ ಮೇಲಿನಿಂದ ಹೇಳುವುದು ಸುಲಭ. ಮಿಗದಿದ್ದರೆ ಹಾಕಬೇಡಿ ಅನ್ನುವುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಬೇಕು.

"ಬಟವಾಡೆ ಬಂತು.
ಅಂಗಡಿ ಬಾಕಿ ಕೊಟ್ಟಾಯ್ತು. ಅಕ್ಕಿ ತಂದಾಯ್ತು. ಮಕ್ಕಳ ಬಸ್ ಚಾರ್ಜ್ ಎತ್ತಿಟ್ಟಾಯ್ತು.
ಮಿಕ್ಕಿದ್ದರಲ್ಲಿ ಸ್ವಲ್ಪ, ಮುಂದಿನ ವರ್ಷಗಳ ಹೆಸರಿಗೆ.
ಮಿಗಲಿಲ್ಲವಾ? ಈ ಸಲ ಬೇಡ."

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಕೆಲವು ಸ್ಕೀಮುಗಳಲ್ಲಿ ತಿಂಗಳಿಗೆ 100 ರೂಪಾಯಿ ಸಾಕು, ಹಲವು ಕಡೆ 500 ಬೇಕು. ಸಾಲ ಮಾಡಿ ಹಾಕಬೇಡಿ. ಒಡವೆ ಅಡವಿಟ್ಟು ಹಾಕಲೇಬೇಡಿ."

ಮಳೆಗಾಲದ್ದು ಇನ್ನೊಂದು. ಜೂನ್ ನಂತರ ಕೆಲಸ ಕಡಿಮೆ, ಕರೆಂಟ್ ಇಲ್ಲ, ರಸ್ತೆ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ.

"ಆಗಸ್ಟಿಗೆ ಬೇಕಾದ ದುಡ್ಡು ಬ್ಯಾಂಕಿನಲ್ಲಿರಲಿ.
ಐದಾರು ವರ್ಷ ಮುಟ್ಟದೆ ಇರಬಲ್ಲೆ ಅನ್ನುವ ದುಡ್ಡು ಮಾತ್ರ ಷೇರು ಫಂಡಿಗೆ ಹೋಗಲಿ."

ಇದಕ್ಕೆ 2018ರ ಗುಡ್ಡ ಕುಸಿತದ ಫೋಟೋ ಹಾಕೋಣ ಅಂತ ಒಬ್ಬರು ಕೇಳಿದರು. ಬೇಡ. ಮನೆ ಕಳೆದುಕೊಂಡವರು ಇದೇ ಸಂತೆಗೆ ತರಕಾರಿ ತರಲು ಬರುತ್ತಾರೆ.

ಬೆಳೆಗಾರರಿಗೆ ಬೇರೆ ಮಾತು ಬೇಕು. ಅವರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ಒಟ್ಟಿಗೆ. ತಿಂಗಳ ಕಂತು ಅಂದರೆ "ನಮಗೆಲ್ಲಿ ಸಂಬಳ ಮಾರಾಯ್ರೇ?" ಅನ್ನುತ್ತಾರೆ.

"ಕಾಫಿ ಮಾರಿದ ದಿನವೇ ಹನ್ನೆರಡು ಕಂತಿನ ದುಡ್ಡು ಖಾತೆಯಲ್ಲಿ ಬೇರೆ ಇಡಿ.
ಗೊಬ್ಬರಕ್ಕೆ ಇಡುವ ಹಾಗೆ, ಕೂಲಿಗೆ ಇಡುವ ಹಾಗೆ."

"ಹಸಿ ಕಾಯಿ ಕೊಯ್ದರೆ ಮೇಸ್ತ್ರಿ ಬೈಯುತ್ತಾರೆ.
ಗಾಬರಿಯಲ್ಲಿ ಫಂಡ್ ಮುರಿದರೆ ಬೈಯುವವರಿಲ್ಲ. ಒಂದು ರಾತ್ರಿ ಮಲಗಿ, ಬೆಳಿಗ್ಗೆ ಯೋಚಿಸಿ."

ಇದು ನನ್ನ ಸ್ವಂತ ಅನುಭವದ್ದು. 2020ರ ಮಾರ್ಚಿನಲ್ಲಿ ಮಾರ್ಕೆಟ್ ಬಿದ್ದಾಗ ನಾನು ರಾತ್ರೋರಾತ್ರಿ ನನ್ನ ತಿಂಗಳ ಕಂತು, ಅಂದರೆ ಎಸ್‌ಐಪಿ ನಿಲ್ಲಿಸಿದೆ. ಆಮೇಲೆ ಮಾರ್ಕೆಟ್ ಏನಾಯಿತು ಅಂತ ಬ್ಯಾನರಿನಲ್ಲಿ ಬರೆಯಬೇಡಿ, ಬಾಯಲ್ಲೂ ಹೇಳಬೇಡಿ. ಹೇಳಿದರೆ "ಹಾಗಾದರೆ ಬಿದ್ದದ್ದೆಲ್ಲ ಏಳುತ್ತದೆ" ಅಂತ ಆಗುತ್ತದೆ. ಕಾಯುವುದಕ್ಕೂ ಗ್ಯಾರಂಟಿ ಇಲ್ಲ.

ಕರಿಹಲಗೆ ಒಂದು ತರುತ್ತೇನೆ. ಅದರ ಮೇಲೆ ಈ ಲೆಕ್ಕ ಸೀಮೆಸುಣ್ಣದಲ್ಲೇ ಇರಲಿ, ಪ್ರಿಂಟ್ ಬೇಡ. ಬರೆಯುತ್ತಾ ಹೇಳಿದರೆ ಜನ ನಿಲ್ಲುತ್ತಾರೆ.

"ತಿಂಗಳಿಗೆ 500 ರೂಪಾಯಿ.
ಮೊದಲ ತಿಂಗಳು ಫಂಡಿನ ಒಂದು ಪಾಲಿಗೆ, ಅಂದರೆ ಒಂದು ಯೂನಿಟ್‌ಗೆ 25 ರೂಪಾಯಿ: ಸಿಕ್ಕಿದ್ದು 20 ಯೂನಿಟ್.
ಎರಡನೇ ತಿಂಗಳು ಬೆಲೆ 20ಕ್ಕೆ ಇಳಿಯಿತು: ಸಿಕ್ಕಿದ್ದು 25 ಯೂನಿಟ್.
ಮೂರನೇ ತಿಂಗಳು ಮತ್ತೆ 25: ಸಿಕ್ಕಿದ್ದು 20.
ಹಾಕಿದ್ದು 1,500. ಕೈಲಿರುವುದು 65 ಯೂನಿಟ್.
ಬೆಲೆ 25ರಲ್ಲೇ ಇದ್ದರೆ ಅದು 1,625. ಮತ್ತೆ 20ಕ್ಕೆ ಬಿದ್ದರೆ 1,300.
ಯಾವುದಾಗುತ್ತದೆ? ಗೊತ್ತಿಲ್ಲ."

ಸ್ಟಾಂಪ್ ಡ್ಯೂಟಿ ಪೈಸೆಗಳನ್ನು ಇಲ್ಲಿ ಬಿಟ್ಟಿದ್ದೇನೆ. ಕೇಳಿದವರಿಗೆ ಹೇಳಿ. ಆದರೆ 1,300ರ ಸಾಲು ಬಿಟ್ಟು 1,625 ಮಾತ್ರ ಬರೆದವರನ್ನು ನಾನು ಅಲ್ಲೇ ಹಲಗೆಯಿಂದ ಇಳಿಸುತ್ತೇನೆ. ತಮಾಷೆ ಅಲ್ಲ.

ಜಾಥಾದಲ್ಲಿ ಕೂಗಲು. ಒಬ್ಬರು ಮುಂದೆ, ಉಳಿದವರು ಹಿಂದೆ. ಕಾಲೇಜು ಹುಡುಗರು ಎರಡು ಸಲ ಪ್ರಾಕ್ಟೀಸ್ ಮಾಡಿದ್ದಾರೆ, ಗಂಟಲು ಚೆನ್ನಾಗಿದೆ.

"ತಿಂಗಳಿಗೆಷ್ಟು?" "ಆದಷ್ಟು!"
"ಎಷ್ಟು ವರ್ಷ?" "ಅವಸರ ಇಲ್ಲದಷ್ಟು!"
"ಎಷ್ಟು ಬರುತ್ತೆ?" "ಹೇಳೋಕಾಗಲ್ಲ!"
"ಹೇಳ್ತೀನಿ ಅಂದವನು?" "ನಮ್ಮವನಲ್ಲ!"
"ಸಾಲ ಮಾಡಿ?" "ಬೇಡ್ವೇ ಬೇಡ!"
"ಸಹಿಗೆ ಮುಂಚೆ?" "ಓದ್ಬೇಕು!"
"ಓದೋಕೆ ಬರ್ದಿದ್ರೆ?" "ಓದಿಸ್ಕೋಬೇಕು!"

"ಹೇಳೋಕಾಗಲ್ಲ" ಅನ್ನುವಾಗ ಕೈ ಎರಡೂ ಬಿಡಿಸಿ ತೋರಿಸಿ. ಮೊನ್ನೆ ಪ್ರಾಕ್ಟೀಸಿನಲ್ಲಿ ಅದಕ್ಕೇ ಜಾಸ್ತಿ ನಗು ಬಂತು.

ಪುತ್ತರಿ ಹಬ್ಬ ಹತ್ತಿರ ಇರುವುದರಿಂದ "ಪೊಲಿ ಪೊಲಿ" ಸೇರಿಸೋಣ ಅಂತ ಇಬ್ಬರು ಹಟ ಹಿಡಿದರು. ಕೇಳಲು ಚೆಂದ, ನಿಜ. ಆದರೆ ಕದಿರು ತರುವಾಗ ಕೂಗುವ ಆ ಮಾತಿಗೆ "ಹೆಚ್ಚಲಿ, ಹೆಚ್ಚಲಿ" ಅಂತ ಅರ್ಥ. ದೇವರ ಹತ್ತಿರ ಕೇಳಬಹುದು. ಮೈಕಿನಲ್ಲಿ ಫಂಡಿನ ಬಗ್ಗೆ ಕೂಗಿದರೆ ಅದು ಲಾಭದ ಮಾತು. ಕೊಡವ ಭಾಷೆಯ, ಅರೆಭಾಷೆಯ ಬೋರ್ಡುಗಳನ್ನು ಆ ಮನೆಗಳವರೇ ಬರೆಯುತ್ತಿದ್ದಾರೆ, ಅವರಿಗೂ ಇದನ್ನೇ ಹೇಳಿದ್ದೇನೆ.

ಆಟೋ ಮೈಕ್:

"ಅಕ್ಕ, ಅಣ್ಣ, ಒಂದು ನಿಮಿಷ. ಬ್ಯಾಂಕಿನಿಂದ ಬಂದವರಲ್ಲ, ಪಾಲಿಸಿ ಮಾಡಿಸುವವರೂ ಅಲ್ಲ. ಮ್ಯೂಚುವಲ್ ಫಂಡ್ ಅಂದರೆ ತುಂಬಾ ಜನರ ದುಡ್ಡು ಒಟ್ಟು ಮಾಡಿ ಷೇರು, ಬಾಂಡುಗಳಲ್ಲಿ ಹಾಕುವ ಏರ್ಪಾಡು. ಸೆಬಿ ಅನ್ನುವ ಸಂಸ್ಥೆ ಇದಕ್ಕೆ ನಿಯಮ ಹಾಕುತ್ತದೆ. ನಿಯಮ ಇದೆ ಅಂದರೆ ನಷ್ಟ ಇಲ್ಲ ಅಂತಲ್ಲ. ತಿಂಗಳು ತಿಂಗಳು ಸ್ವಲ್ಪ ಹಾಕುವುದಕ್ಕೆ ಎಸ್‌ಐಪಿ ಅನ್ನುತ್ತಾರೆ. ಬೇಡ ಅನ್ನಿಸಿದರೆ ನಿಲ್ಲಿಸಬಹುದು. ಆದರೆ ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕ್ ದಂಡ ಹಾಕಬಹುದು, ನೆನಪಿರಲಿ. ಬಂದು ಕೇಳಿ, ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ನಮ್ಮವರು ಯಾರೂ ಆಧಾರ್, ಓಟಿಪಿ ಕೇಳುವುದಿಲ್ಲ. ಕೇಳಿದರೆ ಅವರು ನಮ್ಮವರಲ್ಲ."

ಮೋಸದ ಬಗ್ಗೆ ಎರಡು ಬೋರ್ಡ್, ಕೆಂಪು ಅಕ್ಷರದಲ್ಲಿ:

"ವಾಟ್ಸಾಪ್ ಗ್ರೂಪಿಗೆ ಸೇರಿಸಿ 'ತಿಂಗಳಲ್ಲಿ ಡಬಲ್' ಅಂದರೆ, ಡಬಲ್ ಆಗುವುದು ಅವರದ್ದು."

"ಏಜೆಂಟ್ ಬಂದರೆ ಕಾಫಿ ಕೊಡಿ, ಎಆರ್‌ಎನ್ ಅನ್ನುವ ನೋಂದಣಿ ನಂಬರ್ ಕೇಳಿ.
ಅವರ ಮೂಲಕ ಹಾಕಿದರೆ ಅವರಿಗೆ ಕಮಿಷನ್ ಇದೆ, ಅದು ತಪ್ಪಲ್ಲ. ಡೈರೆಕ್ಟ್ ಆಗಿ ಹಾಕಿದರೆ ಕಮಿಷನ್ ಇಲ್ಲ, ಹುಡುಕಾಟ ನಿಮ್ಮದೇ.
ದೂರು ಇದ್ದರೆ ಸೆಬಿ ಸಹಾಯವಾಣಿ 1800 22 7575. ಕಂಪ್ಯೂಟರ್ ಬಲ್ಲವರಿಗೆ scores.sebi.gov.in."

ಮಹಿಳಾ ಸಂಘಗಳ ಸಭೆಗೆ ಒಂದೇ ಒಂದು:

"ಸಂಘದ ಲೆಕ್ಕದ ಪುಸ್ತಕ ನೀವು ಬರೆಯುತ್ತೀರಿ. ಮನೆಯ ಫಂಡಿನ ಪೇಪರಿನಲ್ಲಿ ನಾಮಿನಿ ಯಾರು ಅಂತ ನೋಡಿದ್ದೀರಾ?"

ಪ್ರತಿ ಬೋರ್ಡಿನ ಕೆಳಗೂ ಇದು ಇರಲೇಬೇಕು, ಓದಲು ಸಾಧ್ಯವಾಗುವ ಅಳತೆಯಲ್ಲಿ: "ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿವೆ. ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ." ಟಿವಿಯಲ್ಲಿ ಇದನ್ನು ಬಸ್ ತಪ್ಪುತ್ತದೇನೋ ಅನ್ನುವ ಹಾಗೆ ಓದುತ್ತಾರೆ. ನಮ್ಮ ಮೈಕಿನಲ್ಲಿ ನಿಧಾನವಾಗಿ ಓದಿ, ಎರಡು ಸಲ.

ಟೀ ಶರ್ಟ್ ಮುಂದೆ ಏನೂ ಬೇಡ. ಹಿಂದೆ ಮಾತ್ರ:

"ಎಷ್ಟು ಬರುತ್ತೆ ಅಂತ ನನ್ನನ್ನು ಕೇಳಬೇಡಿ.
ಹೇಗೆ ನಡೆಯುತ್ತೆ ಅಂತ ಕೇಳಿ, ಕೂತು ಹೇಳ್ತೀನಿ."