ಸುತ್ತೋಲೆ: ಮಾರ್ಚ್ 2ರಿಂದ ಕೆಲಸದ ವೇಳೆಯಲ್ಲಿ ಬದಲಾವಣೆ

ಕಾರ್ಖಾನೆ ಕಚೇರಿ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಮಂಗಳೂರು
ದಿನಾಂಕ: 06-02-2026

ಗೇರುಬೀಜ ವಿಭಾಗದ ಎಲ್ಲ ನೌಕರ ಬಂಧುಗಳಿಗೆ,

ಮಾರ್ಚ್ 2, ಸೋಮವಾರದಿಂದ ಜೂನ್ 6, ಶನಿವಾರದವರೆಗೆ ನಮ್ಮ ಕಾರ್ಖಾನೆಯ ಕೆಲಸದ ವೇಳೆ ಬದಲಾಗುತ್ತದೆ. ಈಗಿರುವ ಬೆಳಿಗ್ಗೆ 8.30ರಿಂದ ಸಂಜೆ 5ರ ವೇಳೆಯ ಬದಲು:

ಬಾಯ್ಲರ್, ಕಟ್ಟಿಂಗ್, ಬೋರ್ಮಾ: ಬೆಳಿಗ್ಗೆ 6.30ರಿಂದ ಮಧ್ಯಾಹ್ನ 3.00 (ಊಟ 11.30ರಿಂದ 12.00)
ಪೀಲಿಂಗ್, ಗ್ರೇಡಿಂಗ್, ಪ್ಯಾಕಿಂಗ್: ಬೆಳಿಗ್ಗೆ 7.30ರಿಂದ ಸಂಜೆ 4.00 (ಊಟ 12.15ರಿಂದ 12.45)
ಕಚೇರಿ, ಸೆಕ್ಯುರಿಟಿ: ಈಗಿನಂತೆಯೇ.

ಕಾರಣ ಸೆಕೆ. ಬಾಯ್ಲರ್ ಪಕ್ಕ, ಬೋರ್ಮಾ ಬಾಗಿಲಲ್ಲಿ ಟ್ರೇ ಎಳೆಯುವವರ ಪಾಡು ಕಚೇರಿಯಲ್ಲಿ ಫ್ಯಾನ್ ಕೆಳಗೆ ಕುಳಿತವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೊರಗಿನ ಬಿಸಿಲಿಗೆ ಸಮುದ್ರದ ತೇವವೂ ಸೇರಿದರೆ ಬೆವರು ಆರುವುದೇ ಇಲ್ಲ. ಹಾಗಾಗಿ ಬೆಂಕಿಯ ಕೆಲಸವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸುತ್ತೇವೆ. 11.30ರ ನಂತರ ಬಾಯ್ಲರ್‌ಗೆ ಹೊಸ ಲೋಡ್ ಹಾಕುವಂತಿಲ್ಲ. ಊಟದ ನಂತರ ಆ ವಿಭಾಗದವರಿಗೆ ಮರುದಿನದ ಬೀಜ ಗೋಣಿಯಿಂದ ಬಿಚ್ಚಿ ಅಳೆದಿಡುವುದು, ಟ್ರೇ ತೊಳೆಯುವುದು, ಇಂಥ ನೆರಳಿನ ಕೆಲಸ ಮಾತ್ರ.

ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೆ 48 ಗಂಟೆ, ಭಾನುವಾರ ರಜೆ. ಇದರಲ್ಲಿ ವ್ಯತ್ಯಾಸವಿಲ್ಲ. ಚಹಾದ ಹದಿನೈದು ನಿಮಿಷ ಕೆಲಸದ ಹೊತ್ತಿನಲ್ಲೇ ಲೆಕ್ಕ. ಬೇಗ ಬಂದಿದ್ದೀರಿ, ಇನ್ನೊಂದು ಗಂಟೆ ನಿಲ್ಲಿ ಎಂದು ಯಾವ ಸೂಪರ್‌ವೈಸರ್ ಕೂಡ ಹೇಳುವಂತಿಲ್ಲ. ನಿಲ್ಲಲೇಬೇಕಾಗಿ ಬಂದರೆ ನಿಮ್ಮ ಒಪ್ಪಿಗೆ ಬೇಕು, ಓವರ್‌ಟೈಮಿಗೆ ಎರಡು ಪಟ್ಟು ಸಂಬಳ.

ಪೀಲಿಂಗ್ ಅಕ್ಕಂದಿರು ಕಿಲೋ ಲೆಕ್ಕದ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ರೇಟ್ ಅದೇ. ತೂಕ ಮಾತ್ರ ದಿನಕ್ಕೊಮ್ಮೆ ಅಲ್ಲ, ಎರಡು ಸಲ: 12.00ಕ್ಕೆ ಒಮ್ಮೆ, 3.30ಕ್ಕೆ ಇನ್ನೊಮ್ಮೆ. ಸಂಜೆ ತಕ್ಕಡಿ ಮುಂದೆ ಸಾಲು ನಿಂತು ಬಸ್ ತಪ್ಪಿಸಿಕೊಳ್ಳುವುದು ಇನ್ನಿಲ್ಲ. ಚೀಟಿಯಲ್ಲಿ ಎರಡೂ ತೂಕ ಬರೆಸಿಕೊಳ್ಳಿ.

ಬೆಳಿಗ್ಗೆ ಅಷ್ಟು ಹೊತ್ತಿಗೆ ಸರ್ವಿಸ್ ಬಸ್ಸನ್ನೇ ನಂಬಿ ಕೂರಬೇಕಾಗಿಲ್ಲ. ಕಾರ್ಖಾನೆಯ ವ್ಯಾನ್ ಮುಲ್ಕಿಯಿಂದ 5.50ಕ್ಕೆ ಹೊರಟು ಹಳೆಯಂಗಡಿ, ಸುರತ್ಕಲ್ ಮೂಲಕ 6.20ಕ್ಕೆ ಗೇಟಿಗೆ ಬರುತ್ತದೆ. ಇನ್ನೊಂದು ಕಾಟಿಪಳ್ಳದಿಂದ 6.00ಕ್ಕೆ, ಕೃಷ್ಣಾಪುರದ ಮೇಲೆ. 7.30ರವರಿಗೆ ಇವೇ ವ್ಯಾನ್‌ಗಳ ಎರಡನೇ ಟ್ರಿಪ್ ಇದೆ: ಮುಲ್ಕಿ 6.50, ಕಾಟಿಪಳ್ಳ 7.00. ಹಣ ಕೊಡಬೇಕಿಲ್ಲ. ಕುಳೂರು ಕಡೆಯಿಂದ ಬರುವವರು ಕಡಿಮೆ ಇರುವುದರಿಂದ ಸದ್ಯಕ್ಕೆ ಆ ಕಡೆ ವ್ಯಾನ್ ಇಲ್ಲ. ಅವರು ಬಸ್ಸಿನ ಟಿಕೆಟ್ ಕಚೇರಿಗೆ ಕೊಟ್ಟರೆ ವಾರದ ಸಂಬಳದ ಜೊತೆ ಹಣ ಸಿಗುತ್ತದೆ.

ಮಕ್ಕಳ ಕೋಣೆ 6.15ಕ್ಕೇ ತೆರೆಯುತ್ತದೆ, ಆಯಾ ಇರುತ್ತಾರೆ. ಕ್ಯಾಂಟೀನಿನಲ್ಲಿ ಬೆಳಿಗ್ಗೆ 9ಕ್ಕೆ ಚಹಾ-ತಿಂಡಿ, 2ಕ್ಕೆ ಮಜ್ಜಿಗೆ.

ಮಿಷನ್‌ಗೆ ಹೆಬ್ಬೆರಳು ಒತ್ತುವ ವಿಷಯ. ಗೇರುಬೀಜದ ಎಣ್ಣೆ ತಾಗಿ ಕಟ್ಟಿಂಗ್‌ನವರ ಬೆರಳಿನ ಗೆರೆ ಸವೆದಿರುತ್ತದೆ, ಮಿಷನ್ ಓದುವುದಿಲ್ಲ. ಮೂರು ಸಲ ಒತ್ತಿ ಆಗದಿದ್ದರೆ ಜಗಳಕ್ಕೆ ನಿಲ್ಲದೆ ಪಕ್ಕದ ರಿಜಿಸ್ಟರಿಗೆ ಸಹಿ ಹಾಕಿ ಒಳಗೆ ಹೋಗಿ. ಮೊದಲ ವಾರ ಹದಿನೈದು ನಿಮಿಷ ತಡವಾದರೂ ಸಂಬಳ ಕಡಿತವಿಲ್ಲ.

ಇದು ಕೋಲ, ನೇಮ, ಯಕ್ಷಗಾನದ ಕಾಲ. ರಾತ್ರಿಯಿಡೀ ಎಚ್ಚರವಿದ್ದು ಬೆಳಿಗ್ಗೆ 6.30ಕ್ಕೆ ಕಟ್ಟಿಂಗ್ ಮಿಷನ್ ಮುಂದೆ ಕೂರಬೇಡಿ. ಹಿಂದಿನ ದಿನವೇ ಹೇಳಿ ರಜೆ ತೆಗೆದುಕೊಳ್ಳಿ, ಕೊಡುತ್ತೇವೆ. ಬೆರಳು ಹೋದರೆ ಮತ್ತೆ ಬರುವುದಿಲ್ಲ. ರಂಜಾನ್ ಉಪವಾಸ ಇರುವವರಿಗೆ ಬಾಯ್ಲರ್, ಬೋರ್ಮಾ ಬದಲು ಬೇರೆ ಕೆಲಸ ಬೇಕಿದ್ದರೆ ಸೂಪರ್‌ವೈಸರ್‌ಗೆ ತಿಳಿಸಿ. ಶುಕ್ರವಾರದ ನಮಾಜಿಗೆ ಹಿಂದಿನಂತೆಯೇ ಬಿಡುವು ಇದೆ.

ಮಳೆ ಬೇಗ ಬಂದರೂ ನಡುವೆ ವೇಳೆ ಬದಲಿಸುವುದಿಲ್ಲ. ಮಕ್ಕಳ ಶಾಲೆ, ವ್ಯಾನ್, ಮನೆಯ ಅಡುಗೆ ಎಲ್ಲವೂ ಇದಕ್ಕೆ ಹೊಂದಿಕೊಂಡ ಮೇಲೆ ಪುನಃ ಎಳೆದಾಡುವುದು ಬೇಡ. ಜೂನ್ 8, ಸೋಮವಾರದಿಂದ ಹಳೆಯ ವೇಳೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದು, ಅಥವಾ ಬೇರೆ ಅಡಚಣೆಯಿಂದ ಬೇಗ ಬರಲು ಆಗದವರು ಫೆಬ್ರವರಿ 20ರೊಳಗೆ ಕಚೇರಿಗೆ ಹೇಳಿ. ಬರೆದುಕೊಡಬೇಕೆಂದಿಲ್ಲ, ಬಾಯಿಮಾತು ಸಾಕು. 7.30ರ ಪಾಳಿಗೆ ಬದಲಿಸಲು ನೋಡುತ್ತೇವೆ. ಎಲ್ಲರಿಗೂ ಆಗುತ್ತದೆ ಎಂದು ಮಾತು ಕೊಡಲಾರೆವು.

ಫೆಬ್ರವರಿ 11, ಬುಧವಾರ ಸಂಜೆ 4.30ಕ್ಕೆ ಕ್ಯಾಂಟೀನಿನಲ್ಲಿ ಈ ಸುತ್ತೋಲೆಯನ್ನು ತುಳು ಮತ್ತು ಹಿಂದಿಯಲ್ಲೂ ಓದಿ ಹೇಳಲಾಗುವುದು. ಆ ಅರ್ಧ ಗಂಟೆ ಕೆಲಸದ ಲೆಕ್ಕಕ್ಕೇ ಸೇರುತ್ತದೆ. ಪ್ರಶ್ನೆಗಳಿದ್ದರೆ ಅಲ್ಲಿಯೇ ಕೇಳಿ.

ಸಹಿ/-
ವ್ಯವಸ್ಥಾಪಕರು

ಪ್ರತಿ: ಎಲ್ಲ ವಿಭಾಗದ ಸೂಪರ್‌ವೈಸರ್‌ಗಳಿಗೆ, ಕಾರ್ಮಿಕ ಸಂಘದ ಪ್ರತಿನಿಧಿಗಳಿಗೆ, ಗೇಟಿನ ನೋಟಿಸ್ ಬೋರ್ಡಿಗೆ